ಸೆನ್ಸರ್ ನಲ್ಲಿ ಕೊಳ್ಳುವ ಮೊದಲು ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ನೋಡಿ

ಪ್ರಶ್ನೆ: ಸರ್, ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಆಫೀಸಿದೆ. ಎರಡನೇ ಮಹಡಿ, ಅದರ ಮೇಲೆ ಟೆರೇಸ್. ಸಿಬ್ಬಂದಿ 42 ಜನ, ದಿನಕ್ಕೆ 30-35 ಗಿರಾಕಿಗಳೂ ಬರ್ತಾರೆ. ಕೈ ತೊಳೆಯುವ ಜಾಗ ಒಂದೇ, ಅಲ್ಲಿ ಎರಡು ಬೇಸಿನ್ ಇವೆ. ಒಬ್ಬರು ಸೆನ್ಸರ್ ನಲ್ಲಿ, ಸೆನ್ಸರ್ ಸೋಪ್ ಡಿಸ್ಪೆನ್ಸರ್, ಹ್ಯಾಂಡ್ ಡ್ರೈಯರ್ ಮೂರಕ್ಕೂ ಕೊಟೇಶನ್ ಕೊಟ್ಟಿದ್ದಾರೆ. ನೀರು ಕಾರ್ಪೊರೇಷನ್‌ದೂ ಇದೆ, ಬೋರ್‌ವೆಲ್‌ದೂ ಇದೆ. ಕರೆಂಟ್ ಆಗಾಗ ಹೋಗುತ್ತೆ. ಯಾವುದು ತಗೊಳ್ಳಬೇಕು, ಯಾವುದು ಬಿಡಬೇಕು? ಹಾಕಿದ ಮೇಲೆ ಆರು ತಿಂಗಳಿಗೇ ಕೆಟ್ಟು ಕೂತರೆ ಮಾಲೀಕರು ನನ್ನನ್ನೇ ಕೇಳ್ತಾರೆ.

ಉತ್ತರ: ಮೇಡಂ, ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು 42 ಜನ ಅಲ್ಲ, ಕರೆಂಟೂ ಅಲ್ಲ. "ಎರಡನೇ ಮಹಡಿ, ಅದರ ಮೇಲೆ ಟೆರೇಸ್" ಅನ್ನುವ ಮಾತು. ನಿಮ್ಮ ವಾಶ್‌ರೂಮ್ ಟ್ಯಾಂಕಿನ ಹತ್ತಿರ ಕೆಳಗಿದೆ. ಸೆನ್ಸರ್ ನಲ್ಲಿಗೆ ಇದು ಒಳ್ಳೆಯ ಜಾಗ ಅಲ್ಲ. ಯಾವ ಕಂಪನಿ, ಯಾವ ಮಾಡೆಲ್ ಅನ್ನೋದು ಆಮೇಲೆ. ಮೊದಲು ಒಂದು ಟೇಪು ಹಿಡಿದು ಟೆರೇಸಿಗೆ ಹೋಗಬೇಕು.

ಸೆನ್ಸರ್ ನಲ್ಲಿಯ ಒಳಗೆ ಏನಿದೆ ಅಂತ ತಿಳಿದರೆ ಈ ಮಾತು ಅರ್ಥವಾಗುತ್ತದೆ. ಮುಂದಿನ ಕಪ್ಪು ಕಣ್ಣು ಕಾಣದ ಬೆಳಕನ್ನು ಬಿಡುತ್ತದೆ. ಕೈ ಅಡ್ಡ ಬಂದರೆ ಬೆಳಕು ವಾಪಸು ಬರುತ್ತದೆ, ಆಗ ಬೇಸಿನ್ ಕೆಳಗಿನ ಸೊಲೆನಾಯ್ಡ್ ವಾಲ್ವ್, ಅಂದರೆ ಕರೆಂಟಿನಿಂದ ನಡೆಯುವ ವಾಲ್ವ್, ತೆರೆಯುತ್ತದೆ. ಈ ವಾಲ್ವ್ ನೀರನ್ನು ತನ್ನ ಬಲದಿಂದ ತಡೆಯುವುದಿಲ್ಲ. ನಾಲ್ಕು ಪೆನ್ಸಿಲ್ ಸೆಲ್ಲಿಗೆ ಅಷ್ಟು ಬಲ ಎಲ್ಲಿಂದ ಬರಬೇಕು? ಒಳಗೆ ಒಂದು ರಬ್ಬರ್ ಬಿಲ್ಲೆ ಇರುತ್ತದೆ, ಡಯಾಫ್ರಮ್ ಅನ್ನುತ್ತಾರೆ. ಅದರಲ್ಲಿ ಸೂಜಿ ಮೊನೆಯಷ್ಟು ಸಣ್ಣ ತೂತು. ಆ ತೂತಿನಿಂದ ನೀರು ಬಿಲ್ಲೆಯ ಬೆನ್ನಿಗೆ ಹೋಗಿ, ಬಿಲ್ಲೆಯನ್ನು ಅದುಮಿ ಹಿಡಿಯುತ್ತದೆ. ಅಂದರೆ ನೀರಿನ ಒತ್ತಡವೇ ನೀರನ್ನು ತಡೆಯುತ್ತದೆ. ಒತ್ತಡ ಕಮ್ಮಿ ಇದ್ದರೆ ಬಿಲ್ಲೆ ಗಟ್ಟಿಯಾಗಿ ಕೂರುವುದಿಲ್ಲ. ಕೈ ತೆಗೆದ ಮೇಲೂ ನೀರು ಸಣ್ಣಗೆ ಹರಿಯುತ್ತಲೇ ಇರುತ್ತದೆ.

ಅದಕ್ಕೇ ಹೆಚ್ಚಿನ ಸೆನ್ಸರ್ ನಲ್ಲಿಗಳ ಪೆಟ್ಟಿಗೆಯಲ್ಲಿ ಬರುವ ಕಾಗದದಲ್ಲಿ "ಕನಿಷ್ಠ ಒತ್ತಡ 0.5 ಬಾರ್" ಅಂತ ಬರೆದಿರುತ್ತದೆ. ಕೊಳ್ಳುವವರು ಆ ಸಾಲನ್ನು ಓದುವುದಿಲ್ಲ, ಮಾರುವವರು ಹೇಳುವುದಿಲ್ಲ. ಅರ್ಧ ಬಾರ್ ಅಂದರೆ ಎಷ್ಟು? ನೀರು 33 ಅಡಿ ಎತ್ತರದಲ್ಲಿ ನಿಂತರೆ ಒಂದು ಬಾರ್. ಅರ್ಧ ಬಾರಿಗೆ ಸುಮಾರು ಹದಿನಾರೂವರೆ ಅಡಿ ಬೇಕು. ಟ್ಯಾಂಕಿನಲ್ಲಿ ಸಾವಿರ ಲೀಟರ್ ಇದೆಯೋ ಐದು ಸಾವಿರ ಇದೆಯೋ ಅನ್ನುವುದರಿಂದ ಒತ್ತಡ ಬದಲಾಗುವುದಿಲ್ಲ. ನಲ್ಲಿಯಿಂದ ನೀರಿನ ಮಟ್ಟದವರೆಗಿನ ಎತ್ತರ ಮಾತ್ರ ಲೆಕ್ಕ.

ಈಗ ನಿಮ್ಮ ಕಟ್ಟಡದ್ದು ಅಂದಾಜು ಮಾಡೋಣ. ಛಾವಣಿ 10 ಅಡಿ ಅಂದುಕೊಳ್ಳಿ. ನಲ್ಲಿಯ ಬಾಯಿ ನೆಲದಿಂದ 3 ಅಡಿ. ಅಲ್ಲಿಂದ ಛಾವಣಿಗೆ 7 ಅಡಿ, ಸ್ಲ್ಯಾಬ್ ಅರ್ಧ ಅಡಿ. ಟ್ಯಾಂಕ್ ಇಟ್ಟಿರುವ ಕಟ್ಟೆ ಅಥವಾ ಸ್ಟ್ಯಾಂಡ್ 4 ಅಡಿ. ಒಟ್ಟು ಹನ್ನೊಂದೂವರೆ ಅಡಿ. ಟ್ಯಾಂಕ್ ತುಂಬಿದಾಗ ಅದರಲ್ಲಿ 4 ಅಡಿ ನೀರು ಇರುತ್ತದೆ ಅಂದರೂ ಹದಿನೈದೂವರೆ ಅಡಿ ಆಯಿತು. ಅಂದರೆ ತುಂಬಿದಾಗ 0.47 ಬಾರ್, ಖಾಲಿಯಾಗುತ್ತಾ ಬಂದಾಗ 0.35 ಬಾರ್. ಎರಡೂ ಅರ್ಧ ಬಾರಿಗಿಂತ ಕೆಳಗೆ. ನಿಮ್ಮ ಅಳತೆ ಬೇರೆ ಇರಬಹುದು, ಆದರೆ ಲೆಕ್ಕ ಇದೇ. ನಿಮ್ಮ ಕೆಳಗಿನ ನೆಲಮಹಡಿಯ ಅಂಗಡಿಯವರಿಗೆ ಇನ್ನೂ 20 ಅಡಿ ಜಾಸ್ತಿ ಸಿಗುತ್ತದೆ, ಅವರಲ್ಲಿ ಅದೇ ನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತದೆ. "ಅವರಲ್ಲಿ ಚೆನ್ನಾಗಿದೆ, ನಮ್ಮಲ್ಲಿ ಯಾಕೆ ಹೀಗೆ" ಅನ್ನುವ ಜಗಳ ಬಹಳ ಸಲ ಹುಟ್ಟುವುದು ಹೀಗೇ.

ಮೂರು ವರ್ಷದ ಹಿಂದೆ ಚಿತ್ರದುರ್ಗದಲ್ಲಿ ಒಂದು ಆಫೀಸಿನವರು ನನ್ನನ್ನು ಕರೆದಿದ್ದರು. ಅದೂ ಮೇಲಿನ ಮಹಡಿಯೇ. ಮೂರು ಸೆನ್ಸರ್ ನಲ್ಲಿ ಹಾಕಿ ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಸರಿಯಾಗಿರುತ್ತವೆ, ಮಧ್ಯಾಹ್ನದ ಮೇಲೆ ನಿಲ್ಲುವುದೇ ಇಲ್ಲ ಅಂದರು. ಮೊದಲು ಸೆಲ್ ಬದಲಿಸಿದ್ದರು. ಆಮೇಲೆ ಕಣ್ಣು ಕೆಟ್ಟಿದೆ ಅಂತ ಸೆನ್ಸರ್ ಬದಲಿಸಿದ್ದರು. ಕೊನೆಗೆ ಒಂದು ನಲ್ಲಿಯನ್ನೇ ಪೂರ್ತಿ ಹೊಸದು ಹಾಕಿದ್ದರು, ಅದೂ ಹಾಗೇ. "ಸಾರ್, ನಳ ಬದ್ಲಿಸಿ ಸಾಕಾತು" ಅಂದ ಅಲ್ಲಿನ ಪ್ಲಂಬರ್ ಹುಡುಗ. ಬೆಳಿಗ್ಗೆ ಸರಿ, ಮಧ್ಯಾಹ್ನ ತಪ್ಪು ಅನ್ನುವ ಮಾತಿನಲ್ಲೇ ಉತ್ತರ ಇತ್ತು. ಬೆಳಿಗ್ಗೆ ಟ್ಯಾಂಕ್ ತುಂಬಿರುತ್ತದೆ, ಮಧ್ಯಾಹ್ನಕ್ಕೆ ಇಳಿದಿರುತ್ತದೆ. ಗೇಜ್ ಹಾಕಿ ನೋಡಿದೆ. ತುಂಬಿದಾಗ ಅರ್ಧ ಬಾರ್ ಹತ್ತಿರ, ಮಧ್ಯಾಹ್ನ 0.38. ನಲ್ಲಿಗಳಲ್ಲಿ ಯಾವ ದೋಷವೂ ಇರಲಿಲ್ಲ.

ನೀವೂ ಗೇಜ್ ಹಾಕಿಸಿ ನೋಡಿ. ಅರ್ಧ ಇಂಚಿನ ಪ್ರೆಶರ್ ಗೇಜ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. 10 ಬಾರ್‌ವರೆಗೆ ಅಂಕಿ ಇರುವ ಗೇಜ್ ಬೇಡ, ಅದರಲ್ಲಿ 0.4 ಎಲ್ಲಿ, 0.5 ಎಲ್ಲಿ ಅಂತ ಮುಳ್ಳು ನೋಡಿ ಹೇಳೋಕಾಗಲ್ಲ. ಎರಡೂವರೆ ಬಾರಿನದು ಕೇಳಿ. ಬೇಸಿನ್ ಕೆಳಗೆ ನೀರು ನಿಲ್ಲಿಸಲು ಇರುವ ಆಂಗಲ್ ಕಾಕ್‌ನಿಂದ ಪೈಪು ಬಿಚ್ಚಿ, ಅಲ್ಲಿಗೆ ಟೆಫ್ಲಾನ್ ಟೇಪ್ ಸುತ್ತಿ ಗೇಜ್ ಕೂರಿಸಿದರೆ ಆಯಿತು. ಮೊದಲು ಎಲ್ಲ ನಲ್ಲಿ ಮುಚ್ಚಿ ಓದಿ. ಆಮೇಲೆ ಪಕ್ಕದ ಬೇಸಿನ್ ನಲ್ಲಿ ತೆರೆದು, ಫ್ಲಶ್ ಟ್ಯಾಂಕ್ ತುಂಬುತ್ತಿರುವಾಗ ಮತ್ತೊಮ್ಮೆ ಓದಿ. ಈ ಎರಡನೆಯ ಅಂಕಿಯೇ ಮುಖ್ಯ. ಪೈಪು ಸಣ್ಣದಿದ್ದರೆ, ಎಲ್ಬೋ ಜಾಸ್ತಿ ಇದ್ದರೆ, ನೀರು ಹರಿಯುವಾಗ ಒತ್ತಡ ಇನ್ನೂ ಕುಸಿಯುತ್ತದೆ. ಸಂಜೆ ಟ್ಯಾಂಕ್ ಇಳಿದಾಗ ಅಳೆಯಿರಿ, ಬೆಳಿಗ್ಗೆ ಅಲ್ಲ.

ಒತ್ತಡ ಕಮ್ಮಿ ಬಂದರೆ ನಿಮಗೆ ಮೂರು ದಾರಿಗಳಿವೆ.

ಮೊದಲನೆಯದು, ಕಮ್ಮಿ ಒತ್ತಡಕ್ಕೆಂದೇ ಮಾಡಿದ ಸೆನ್ಸರ್ ನಲ್ಲಿ. ಇವುಗಳಲ್ಲಿ ವಾಲ್ವ್ ಬೇರೆ ರೀತಿಯದು, ಡಯಾಫ್ರಮ್ ಬದಲು ಸಣ್ಣ ಮೋಟರ್ ತಿರುಗಿಸುವ ಚೆಂಡಿನ ವಾಲ್ವ್ ಇರುತ್ತದೆ. ಕಾಗದದಲ್ಲಿ ಕನಿಷ್ಠ ಒತ್ತಡ 0.1 ಬಾರ್ ಅಥವಾ ಅದಕ್ಕೂ ಕಮ್ಮಿ ಅಂತ ಬರೆದಿರಬೇಕು. ಬಾಯಿಮಾತಿನ ಭರವಸೆ ಬೇಡ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಇದು ಸಿಕ್ಕರೆ ನಿಮ್ಮ ಜಾಗಕ್ಕೆ ಇದೇ ಸುಲಭ.

ಎರಡನೆಯದು, ವಾಶ್‌ರೂಮಿಗೆ ಹೋಗುವ ಪೈಪಿಗೆ ಸಣ್ಣ ಬೂಸ್ಟರ್ ಪಂಪು. ಚಿತ್ರದುರ್ಗದಲ್ಲಿ ನಾನು ಮಾಡಿದ್ದು ಇದು. ಸುಮಾರು 120 ವ್ಯಾಟಿನ ಪಂಪು, ಒಂದು ಬಾರ್ ಹತ್ತಿರ ಒತ್ತಡ ಸೇರಿಸುತ್ತದೆ. ಇಷ್ಟು ಸಣ್ಣ ಪಂಪನ್ನು ಆಫೀಸಿನ ಇನ್ವರ್ಟರ್ ಮೇಲೂ ಓಡಿಸಬಹುದು. ಇದು ಮುಖ್ಯ, ಯಾಕಂದರೆ ಕರೆಂಟ್ ಹೋದಾಗ ಪಂಪು ನಿಂತರೆ ನಲ್ಲಿಗಳು ಮತ್ತೆ ಸೋರಲು ಶುರುವಾಗುತ್ತವೆ. ಇಲ್ಲಿ ನನಗೇ ಒಂದು ತೊಂದರೆ ಎದುರಾಯಿತು. ಆ ಪಂಪು ನೀರು ಹರಿಯುವುದನ್ನು ಗುರುತಿಸಿ ತಾನೇ ಶುರುವಾಗುವಂಥದು. ನಿಮಿಷಕ್ಕೆ ಎರಡು ಲೀಟರ್ ಹರಿದರೆ ಮಾತ್ರ ಅದಕ್ಕೆ ಗೊತ್ತಾಗುತ್ತಿತ್ತು. ನಲ್ಲಿಯ ಬಾಯಿಗೆ ನೀರು ಉಳಿಸುವ ಜಾಳಿಗೆ ಹಾಕಿದ್ದರಿಂದ ಒಂದು ನಲ್ಲಿಯಲ್ಲಿ ಅಷ್ಟೂ ಹರಿಯುತ್ತಿರಲಿಲ್ಲ. ಎರಡು ನಲ್ಲಿ ಒಟ್ಟಿಗೆ ತೆರೆದರೆ ಪಂಪು ಓಡುತ್ತಿತ್ತು, ಒಂದೇ ತೆರೆದರೆ ಸುಮ್ನೆ ಇರುತ್ತಿತ್ತು. ಜಾಳಿಗೆ ಬದಲಿಸಿ, ಸ್ವಲ್ಪ ಹೆಚ್ಚು ನೀರು ಬಿಡುವುದನ್ನು ಹಾಕಿದ ಮೇಲೆ ಸರಿಹೋಯಿತು. ನೀವು ಪಂಪು ಕೊಂಡರೆ ಅದು ಎಷ್ಟು ಹರಿವಿಗೆ ಶುರುವಾಗುತ್ತದೆ ಅಂತ ಕೇಳಿ. ಒಂದು ಲೀಟರ್ ಬಾಟಲಿ ಹಿಡಿದು ನಲ್ಲಿಯ ಹರಿವು ಅಳೆಯಿರಿ. ಬಾಟಲಿ 20 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ ಮೂರು ಲೀಟರ್. ಅರ್ಧ ನಿಮಿಷವೇ ಹಿಡಿದರೆ ಎರಡೇ ಲೀಟರ್, ಆಗ ಪಂಪು ಶುರುವಾಗದೇ ಇರಬಹುದು.

ಮೂರನೆಯ ದಾರಿ ಸೆನ್ಸರ್ ಬಿಟ್ಟುಬಿಡುವುದು. ಆಸ್ಪತ್ರೆಯಲ್ಲಿ ಡಾಕ್ಟರು ಮೊಣಕೈಯಿಂದ ತಿರುಗಿಸುವ ಉದ್ದ ಹಿಡಿಕೆಯ ನಲ್ಲಿ ನೋಡಿರುತ್ತೀರಿ. ಅದಕ್ಕೆ ಸೆಲ್ ಬೇಡ, ಕರೆಂಟ್ ಬೇಡ, ಒತ್ತಡವೂ ಇಷ್ಟೇ ಬೇಕು ಅಂತಿಲ್ಲ. ಕೈ ಮುಟ್ಟಿಸದೆ ಮುಚ್ಚಬಹುದು. ತೆರೆದಿಟ್ಟು ಹೋಗುವವರನ್ನು ಮಾತ್ರ ಅದು ತಡೆಯುವುದಿಲ್ಲ. ಟೆರೇಸಿನ ಕೆಳಗಿನ ಮಹಡಿಯಲ್ಲಿ ಪಂಪು ಹಾಕಲು ಜಾಗವೂ ಇಲ್ಲ, ಕಮ್ಮಿ ಒತ್ತಡದ ನಲ್ಲಿಯೂ ಸಿಗುತ್ತಿಲ್ಲ ಅಂದರೆ ನಾನು ಇದನ್ನೇ ಹಾಕಿಸುತ್ತೇನೆ. ಅದು ಕಮ್ಮಿ ದರ್ಜೆಯ ಆಯ್ಕೆ ಅಲ್ಲ.

ನಲ್ಲಿಯ ವಿಷಯಕ್ಕೆ ಇಷ್ಟು ಜಾಗ ಕೊಡಲು ಕಾರಣ ಇದೆ. ಕೈ ತೊಳೆಯುವಾಗ ನಾವು ಏನೇನು ಮುಟ್ಟುತ್ತೇವೆ ನೋಡಿ. ಕೊಳೆ ಕೈಯಲ್ಲಿ ನಲ್ಲಿ ತೆರೆಯುತ್ತೇವೆ. ಕೊಳೆ ಕೈಯಲ್ಲೇ ಸೋಪ್ ಒತ್ತುತ್ತೇವೆ. ತೊಳೆದು, ಶುದ್ಧವಾದ ಕೈಯಲ್ಲಿ ಅದೇ ನಲ್ಲಿಯನ್ನು ಮುಚ್ಚುತ್ತೇವೆ. ಸೋಪಿನ ಗುಂಡಿ ಮುಟ್ಟಿದ ಮರುಕ್ಷಣ ಕೈಗೆ ಸೋಪು, ನೀರು ಎರಡೂ ಬೀಳುತ್ತವೆ. ಆದರೆ ನಲ್ಲಿ ಮುಚ್ಚಿದ ಮೇಲೆ ಏನೂ ಬೀಳುವುದಿಲ್ಲ. ಹಾಗಾಗಿ ಮುಟ್ಟದೆ ನಡೆಯಬೇಕಾದದ್ದು ಮೊದಲು ನಲ್ಲಿ. ದುಡ್ಡು ಸಾಲದಿದ್ದರೆ ಕೊಟೇಶನ್‌ನಲ್ಲಿ ಕಡಿಯಬೇಕಾದದ್ದು ಸೆನ್ಸರ್ ಸೋಪ್ ಡಿಸ್ಪೆನ್ಸರ್.

ಇನ್ನು ನೀರಿನ ಗಡಸು. ಕಾರ್ಪೊರೇಷನ್ ನೀರು ಬಂದ ದಿನ ಒಂದು ರೀತಿ, ಬೋರ್‌ವೆಲ್ ನೀರು ಬಿಟ್ಟ ದಿನ ಇನ್ನೊಂದು ರೀತಿ ಅನ್ನುವುದು ನಿಮಗೇ ಗೊತ್ತಿರುತ್ತದೆ. ಬೇಸಿನ್ ಮೇಲೆ, ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟಿದೆಯಾ ನೋಡಿ. ಕಟ್ಟಿದ್ದರೆ ಅದೇ ಪೊರೆ ಡಯಾಫ್ರಮ್‌ನ ಸೂಜಿ ತೂತಿನಲ್ಲೂ ಕಟ್ಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐ.ಎಸ್. 10500ರಲ್ಲಿ ಗಡಸು ಲೀಟರಿಗೆ 200 ಮಿಲಿಗ್ರಾಂ ಇರಲಿ, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯಲಿ ಅಂತ ಇದೆ. ಆ ಮೇಲಿನ ಅಂಕಿಯ ಹತ್ತಿರದ ನೀರು ಕುಡಿಯಲು ಒಪ್ಪಿಗೆಯಾದರೂ ಈ ಸಣ್ಣ ತೂತಿಗೆ ಒಪ್ಪಿಗೆಯಲ್ಲ. ಬೋರ್‌ವೆಲ್ ನೀರನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ನೋಡಿ.

ಯಾವ ಜಾಗ ಕಟ್ಟಿದೆ ಅಂತ ಬಿಚ್ಚುವ ಮೊದಲೇ ತಿಳಿಯಬಹುದು. ನೀರು ದಿನದಿಂದ ದಿನಕ್ಕೆ ಸಣ್ಣಗಾಗುತ್ತಾ ಬಂದರೆ ಒಳಬರುವ ಕಡೆಯ ಜಾಳಿಗೆಯಲ್ಲಿ ಮರಳು ತುಂಬಿದೆ, ಇಲ್ಲವೇ ಬಾಯಿಯ ಜಾಳಿಗೆಯಲ್ಲಿ ಪೊರೆ ಕಟ್ಟಿದೆ. ಟ್ಯಾಂಕಿನಲ್ಲಿ ನೀರು ತುಂಬಿದ್ದರೂ ನಲ್ಲಿ ಮುಚ್ಚದೆ ಹರಿಯುತ್ತಿದ್ದರೆ ಡಯಾಫ್ರಮ್‌ನ ತೂತು ಕಟ್ಟಿದೆ, ಅಥವಾ ಬಿಲ್ಲೆಯ ಕೆಳಗೆ ಕಸ ಕೂತಿದೆ. ಕೈ ಹಿಡಿದಾಗ ಟಕ್ ಅಂತ ಸದ್ದು ಕೇಳಿಸುತ್ತದೆ ಆದರೆ ನೀರು ಬರುವುದಿಲ್ಲ ಅಂದರೆ ಸೊಲೆನಾಯ್ಡ್ ಕೆಲಸ ಮಾಡುತ್ತಿದೆ, ನೀರಿನ ದಾರಿ ಕಟ್ಟಿದೆ. ಟಕ್ ಅಂತಲೂ ಕೇಳಿಸದಿದ್ದರೆ ಆಗ ಸೆಲ್ ನೋಡಿ.

ಶುಚಿ ಮಾಡುವುದು ಕಷ್ಟವಲ್ಲ. ಆಂಗಲ್ ಕಾಕ್ ಮುಚ್ಚಿ, ಜಾಳಿಗೆ ಮತ್ತು ಡಯಾಫ್ರಮ್ ಬಿಚ್ಚಿ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು ಹಾಕಿ, ಅರ್ಧ ಗಂಟೆ ನೆನೆಸಿ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ತೊಳೆದು ಕೂರಿಸಿ. ತೂತಿಗೆ ಪಿನ್ನು ಚುಚ್ಚಬೇಡಿ, ಅಗಲವಾದರೆ ಬಿಲ್ಲೆ ಹೋಯಿತು. ಬೋರ್‌ವೆಲ್ ನೀರು ಜಾಸ್ತಿ ಬಳಸುವ ಕಡೆ ಮೂರು ತಿಂಗಳಿಗೊಮ್ಮೆ ಮಾಡಿಸುತ್ತೇನೆ. ಟ್ಯಾಂಕ್ ತೊಳೆಸಿದ ದಿನ ಮಾತ್ರ ಮರೆಯದೆ ಆಂಗಲ್ ಕಾಕ್‌ನಿಂದ ಪೈಪು ಬಿಚ್ಚಿ, ಬಕೆಟಿಗೆ ಒಂದೆರಡು ನಿಮಿಷ ನೀರು ಬಿಟ್ಟು ಆಮೇಲೆ ನಲ್ಲಿಗೆ ಜೋಡಿಸಿ. ಟ್ಯಾಂಕಿನ ತಳದ ಕೆಸರು ಆವತ್ತೇ ಕೆಳಗೆ ಇಳಿಯುವುದು. ಹೊಸ ಪೈಪು ಹಾಕಿದಾಗಲೂ ಹೀಗೇ. ಕೊಯ್ದ ಪೈಪಿನ ಪುಡಿ ಒಳಗೆ ಉಳಿದಿರುತ್ತದೆ.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ವಾಶ್‌ರೂಮ್ ತೊಳೆಯುವವರ ಹತ್ತಿರ ಒಂದು ಆ್ಯಸಿಡ್ ಬಾಟಲಿ ಇರುತ್ತದೆ. ಕಮೋಡಿಗೆ ಹಾಕುವುದನ್ನೇ ನಲ್ಲಿಗೂ ಹಾಕಿ ಉಜ್ಜುತ್ತಾರೆ, ಬಿಳಿ ಕಲೆ ಬೇಗ ಹೋಗುತ್ತದೆ ಅಂತ. ಹೊಳೆಯುವ ಲೇಪ ಎದ್ದುಹೋಗುತ್ತದೆ, ಸೆನ್ಸರಿನ ಕಪ್ಪು ಕಣ್ಣು ಮಂಜಾಗುತ್ತದೆ. ಕಣ್ಣು ಮಂಜಾದ ನಲ್ಲಿ ಕೈ ಕಂಡರೂ ನೀರು ಬಿಡುವುದಿಲ್ಲ, ಇಲ್ಲವೇ ಯಾರೂ ಇಲ್ಲದಾಗ ಬಿಡುತ್ತದೆ. ಕೆಲಸದವರನ್ನು ಬೈಯುವುದರಿಂದ ಪ್ರಯೋಜನ ಇಲ್ಲ, ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ನಲ್ಲಿ ಹಾಕಿದ ದಿನವೇ ಅವರನ್ನು ಕರೆದು, ಸೋಪು ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು ಅಂತ ತೋರಿಸಿ. ನಿಂಬೆ ಉಪ್ಪಿನ ಡಬ್ಬಿಯನ್ನೂ ಅವರ ಕೈಗೇ ಕೊಡಿ.

ಕರೆಂಟಿನ ವಿಷಯದಲ್ಲಿ ಹೇಳಲು ಜಾಸ್ತಿ ಇಲ್ಲ. ಬರೀ ಕರೆಂಟಿನ ಮೇಲೆ ನಡೆಯುವ ನಲ್ಲಿ ಬೇಡ, ಬೆಸ್ಕಾಂ ಲೈನ್ ಹೋದ ಕೂಡಲೇ ನೀರೂ ನಿಲ್ಲುತ್ತದೆ. ಸೆಲ್ ಮೇಲೆ ನಡೆಯುವುದು, ಅಥವಾ ಎರಡೂ ಇರುವುದು ತಗೊಳ್ಳಿ. ಸಾಮಾನ್ಯವಾಗಿ ನಾಲ್ಕು ಪೆನ್ಸಿಲ್ ಸೆಲ್, ಒಟ್ಟು 6 ವೋಲ್ಟ್. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಬೇಡ, ಆಲ್ಕಲೈನ್ ಹಾಕಿ. ಕೆಂಪು ದೀಪ ಮಿನುಗಲು ಶುರುವಾದರೆ ಅದೇ ವಾರ ನಾಲ್ಕನ್ನೂ ಒಟ್ಟಿಗೆ ಬದಲಿಸಿ. ಸೆಲ್ ಪೆಟ್ಟಿಗೆ ಬೇಸಿನ್ ಕೆಳಗೆ ನೇತಾಡದೆ, ನೀರು ತಾಗದ ಎತ್ತರದಲ್ಲಿ ಗೋಡೆಗೆ ಕೂತಿರಲಿ.

ಸೋಪಿಗೆ ಬರೋಣ. 42 ಜನ ದಿನಕ್ಕೆ ಮೂರು ಸಲ ತೊಳೆದರೂ 126. ಗಿರಾಕಿಗಳು ಸೇರಿದರೆ 160 ಅಂದುಕೊಳ್ಳಿ. ಒಂದು ಸಲಕ್ಕೆ ಒಂದು ಮಿಲಿಲೀಟರ್ ಅಂದರೂ ದಿನಕ್ಕೆ 160 ಮಿಲಿಲೀಟರ್. 500 ಮಿಲಿಲೀಟರಿನ ಡಬ್ಬಿ ಮೂರು ದಿನಕ್ಕೆ ಖಾಲಿ. ಎರಡು ಬೇಸಿನ್‌ಗೂ ಒಂದೊಂದು ಲೀಟರಿನ, ಗೋಡೆಗೆ ಹಾಕುವ, ಕೈಯಿಂದ ಒತ್ತುವ ಡಿಸ್ಪೆನ್ಸರ್ ಹಾಕಿ. ಒಳಗೆ ಎಷ್ಟಿದೆ ಅಂತ ಹೊರಗಿನಿಂದ ಕಾಣುವಂತಿರಬೇಕು. ಸೆನ್ಸರಿನದು ಬೇಡ ಅನ್ನಲು ಮುಟ್ಟುವ ವಿಚಾರ ಒಂದೇ ಕಾರಣ ಅಲ್ಲ. ಅದರ ಸಣ್ಣ ಪಂಪಿನೊಳಗೆ ಸೋಪು ಒಣಗಿ ಗಟ್ಟಿಯಾಗುತ್ತದೆ. ದೀರ್ಘ ರಜೆ ಬಂದರೆ, ಅಂದರೆ ದೀಪಾವಳಿಗೆ ನಾಲ್ಕು ದಿನ ಬಾಗಿಲು ಹಾಕಿ ಬಂದರೆ, ಸೋಪು ಬರದೆ ನಿಂತಿರುತ್ತದೆ. ಕೈ ಒತ್ತುವ ಡಿಸ್ಪೆನ್ಸರಿನಲ್ಲೂ ಹಾಗಾಗುತ್ತದೆ, ಆದರೆ ಬಾಯಿಗೆ ಬಿಸಿ ನೀರು ಹಾಕಿ ನಾಲ್ಕು ಸಲ ಒತ್ತಿದರೆ ಬಿಟ್ಟುಕೊಳ್ಳುತ್ತದೆ.

ನೊರೆ ಬರುವ ಡಿಸ್ಪೆನ್ಸರ್ ಸೋಪು ಉಳಿಸುತ್ತದೆ ಅಂತ ಹೇಳುತ್ತಾರೆ. ನಿಜ, ಒಂದು ಒತ್ತಿಗೆ ಅರ್ಧ ಮಿಲಿಲೀಟರ್ ಆಸುಪಾಸು ಹೋಗುತ್ತದೆ. ಆದರೆ ಅದಕ್ಕೆ ತೆಳು ಸೋಪೇ ಬೇಕು. ಮಾಮೂಲಿ ಗಟ್ಟಿ ಹ್ಯಾಂಡ್‌ವಾಶ್ ಹಾಕಿದರೆ ಪಂಪು ಕಟ್ಟುತ್ತದೆ. ನಮ್ಮ ಊರಿನದೇ ಒಂದು ವಿಷಯವೂ ಇದೆ. ಸಂಜೆ ನಾಲ್ಕಕ್ಕೆ ಮಂಡಕ್ಕಿ ಮೆಣಸಿನಕಾಯಿ ಬರುತ್ತದೆ ಅಲ್ವಾ? ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬರುವವರೂ ಇದ್ದಾರೆ. ಎಣ್ಣೆ ಕೈಗೆ ಒಂದು ಒತ್ತು ನೊರೆ ಸಾಲುವುದಿಲ್ಲ. ಎರಡು, ಮೂರು ಸಲ ಒತ್ತುತ್ತಾರೆ, ಉಳಿತಾಯ ಅಲ್ಲಿಗೆ ಹೋಯಿತು. ನಿಮಗೆ ಮಾಮೂಲಿ ದ್ರವ ಸೋಪೇ ಸರಿ.

ಅರ್ಧ ಇರುವ ಡಬ್ಬಿಯ ಮೇಲೆ ಹೊಸ ಸೋಪು ಸುರಿಯುವುದು, ಮೇಲೆ ಸ್ವಲ್ಪ ನೀರು ಬೆರೆಸಿ ದಿನ ದೂಡುವುದು ಎರಡೂ ಬಿಡಿಸಿ. ನೀರು ಬೆರೆತ ಸೋಪಿನಲ್ಲಿ ಅದನ್ನು ಕೆಡದಂತೆ ಇಡುವ ವಸ್ತುವೂ ತೆಳುವಾಗುತ್ತದೆ, ಕ್ರಿಮಿ ಬೆಳೆಯುತ್ತದೆ. ಕೈ ತೊಳೆಯುವ ಸೋಪಿನಿಂದಲೇ ಕೈಗೆ ಕ್ರಿಮಿ ಹತ್ತುತ್ತದೆ. ಪೂರ್ತಿ ಖಾಲಿಯಾಗಲಿ, ಬಿಸಿ ನೀರಿನಲ್ಲಿ ತೊಳೆದು ಒಣಗಿಸಿ, ಆಮೇಲೆ ತುಂಬಿ. ಎರಡು ಡಿಸ್ಪೆನ್ಸರ್ ಇರುವುದರಿಂದ ಒಂದು ಒಣಗುವಾಗ ಇನ್ನೊಂದು ನಡೆಯುತ್ತದೆ.

ಹ್ಯಾಂಡ್ ಡ್ರೈಯರ್‌ನಲ್ಲಿ ಎಲ್ಲರೂ ವ್ಯಾಟ್ ನೋಡುತ್ತಾರೆ. ನೀವು ಸೆಕೆಂಡ್ ನೋಡಿ. ಬಿಸಿ ಗಾಳಿಯ ಹಳೆ ರೀತಿಯ ಡ್ರೈಯರ್ 2000 ವ್ಯಾಟ್ ಇರುತ್ತದೆ, ಒಬ್ಬರ ಕೈ ಒಣಗಲು 40 ಸೆಕೆಂಡ್ ಬೇಕು. ಮಧ್ಯಾಹ್ನ ಒಂದೂವರೆಗೆ ಊಟ ಮುಗಿಸಿ 20 ಜನ ಒಟ್ಟಿಗೆ ಬರುತ್ತಾರೆ ಅಂದುಕೊಳ್ಳಿ. 20 ಸಲ 40 ಅಂದರೆ 800 ಸೆಕೆಂಡ್, ಹದಿಮೂರು ನಿಮಿಷಕ್ಕಿಂತ ಜಾಸ್ತಿ. ಯಾರೂ ಅಷ್ಟು ಹೊತ್ತು ಸಾಲಿನಲ್ಲಿ ನಿಲ್ಲುವುದಿಲ್ಲ. ಪ್ಯಾಂಟಿಗೆ, ಸೆರಗಿಗೆ ಒರೆಸಿಕೊಂಡು ಹೋಗುತ್ತಾರೆ, ಒದ್ದೆ ಕೈಯಲ್ಲಿ ಬಾಗಿಲ ಹಿಡಿಕೆ ಮುಟ್ಟುತ್ತಾರೆ. ವೇಗದ ಗಾಳಿಯ ಡ್ರೈಯರ್ ನೀರನ್ನು ಒಣಗಿಸುವುದಿಲ್ಲ, ತಳ್ಳಿ ಉದುರಿಸುತ್ತದೆ. 12ರಿಂದ 15 ಸೆಕೆಂಡ್ ಸಾಕು. ಅದೇ 20 ಜನಕ್ಕೆ ಐದು ನಿಮಿಷ.

ಕರೆಂಟ್ ಲೆಕ್ಕವೂ ಇದರಿಂದಲೇ ಬರುತ್ತದೆ. ದಿನಕ್ಕೆ 100 ಜನ ಬಳಸಿದರೆ, 2000 ವ್ಯಾಟಿನದು 40 ಸೆಕೆಂಡಿನಂತೆ ಸುಮಾರು 2.2 ಯೂನಿಟ್ ತಿನ್ನುತ್ತದೆ. ತಿಂಗಳಿಗೆ 25 ದಿನ ಅಂದರೆ 55 ಯೂನಿಟ್. 1000 ವ್ಯಾಟಿನ ವೇಗದ ಡ್ರೈಯರ್ 15 ಸೆಕೆಂಡಿನಂತೆ ತಿಂಗಳಿಗೆ 10 ಯೂನಿಟ್ ಆಸುಪಾಸು. ನಿಮ್ಮ ಬಿಲ್ಲಿನ ದರದಿಂದ ಗುಣಿಸಿ ನೋಡಿ. ಹೀಟರ್ ಆರಿಸಲು ಪ್ರತ್ಯೇಕ ಸ್ವಿಚ್ ಇರುವುದು ಸಿಕ್ಕರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ದಾವಣಗೆರೆಯಲ್ಲಿ ಬಿಸಿ ಗಾಳಿಗೆ ದುಡ್ಡು ಕೊಡುವ ಅಗತ್ಯ ಇಲ್ಲ.

ವೇಗದ ಡ್ರೈಯರ್‌ಗೆ ಎರಡು ಕೊರತೆ ಇವೆ. ಒಂದು ಸದ್ದು. ಕೆಲವು 80 ಡೆಸಿಬೆಲ್ ದಾಟುತ್ತವೆ, ಮಿಕ್ಸಿ ಹಾಕಿದಂತೆ ಕೇಳಿಸುತ್ತದೆ. ಗೋಡೆಯ ಆಚೆ ಯಾರಾದರೂ ಗಿರಾಕಿಯ ಜೊತೆ ಮಾತಾಡುವ ಮೇಜು ಇದ್ದರೆ ಆ ಗೋಡೆಗೆ ಹಾಕಬೇಡಿ. ಅಂಗಡಿಯಲ್ಲಿ ಚಾಲೂ ಮಾಡಿಸಿ ಕೇಳಿ, ಆಮೇಲೆ ಕೊಳ್ಳಿ. ಇನ್ನೊಂದು, ಉದುರಿದ ನೀರು ನೆಲಕ್ಕೆ ಬೀಳುತ್ತದೆ. ಕೈಯನ್ನು ಸೀಳಿನೊಳಗೆ ಇಳಿಸುವ ಮಾದರಿಯಲ್ಲಿ ನೀರು ಕೆಳಗಿನ ತಟ್ಟೆಗೆ ಹೋಗುತ್ತದೆ, ನೆಲ ಒಣಗಿರುತ್ತದೆ. ಆದರೆ ಆ ತಟ್ಟೆಯನ್ನು ದಿನವೂ ತೊಳೆಯಬೇಕು, ಎರಡು ದಿನ ಬಿಟ್ಟರೆ ವಾಸನೆ. ತೊಳೆಯುವವರು ದಿನಕ್ಕೊಮ್ಮೆ ಬರುವ ಸಣ್ಣ ಆಫೀಸಿಗೆ, ಕೈ ಕೆಳಗೆ ಹಿಡಿಯುವ ಮಾದರಿಯೇ ಸರಿ ಅಂತ ನನ್ನ ಅನುಭವ. ಕೆಳಗೆ ಒಂದು ಒರಟು ಮ್ಯಾಟ್ ಹಾಕಿ, ವಾರಕ್ಕೆರಡು ಸಲ ಒಗೆಸಿ. ಗಾಳಿ ಎಳೆಯುವ ಕಡೆಯ ಜಾಳಿಗೆಯಲ್ಲಿ ಧೂಳು ಕೂತರೆ ಸೆಕೆಂಡ್ ಜಾಸ್ತಿಯಾಗುತ್ತದೆ. 15 ಸೆಕೆಂಡಿನದು 25 ಹಿಡಿಯುತ್ತಿದ್ದರೆ ಮೋಟರ್ ಅಲ್ಲ, ಜಾಳಿಗೆ ನೋಡಿ.

ವೈರಿಂಗ್ ಬಗ್ಗೆ ಮಾತ್ರ ರಾಜಿ ಬೇಡ. 2000 ವ್ಯಾಟ್ ಅಂದರೆ ಸುಮಾರು 9 ಆಂಪಿಯರ್. ಕನ್ನಡಿ ದೀಪದ 6 ಆಂಪಿಯರ್ ಸಾಕೆಟ್ಟಿನಿಂದ ವೈರ್ ಎಳೆದು ಹಾಕುವುದನ್ನು ನಾನು ನೋಡಿದ್ದೇನೆ, ಸಾಕೆಟ್ ಕಂದಿ ಕರಗಿದ್ದನ್ನೂ ನೋಡಿದ್ದೇನೆ. ಡ್ರೈಯರ್‌ಗೆ ಬೋರ್ಡಿನಿಂದ ಬೇರೆ ಲೈನ್, ಬೇರೆ ಎಂ.ಸಿ.ಬಿ., ಎರಡೂವರೆ ಚದರ ಮಿ.ಮೀ. ತಾಮ್ರದ ವೈರ್, ಅರ್ಥಿಂಗ್, ಮತ್ತು ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇರಲೇಬೇಕು. ಒದ್ದೆ ಕೈ ಅದರ ಹತ್ತಿರವೇ ಹೋಗುವುದು. ಇನ್ವರ್ಟರ್ ಲೈನಿಗೆ ಇದನ್ನು ಕೊಡಬೇಡಿ. ಕರೆಂಟ್ ಹೋದಾಗ ಬೇಕಾದರೆ ಗೋಡೆಗೆ ಒಂದು ಟಿಶ್ಯೂ ಪೆಟ್ಟಿಗೆ ಇರಲಿ, ಅದರ ಕೆಳಗೆ ಕಸದ ಬುಟ್ಟಿ.

ಈ ವಾರ ನೀವು ಮಾಡಬೇಕಾದದ್ದು ಗೇಜ್ ಹಾಕಿಸಿ ಸಂಜೆಯ ಅಂಕಿ ಬರೆದುಕೊಳ್ಳುವುದು. ಆ ಅಂಕಿಯನ್ನು ಕೊಟೇಶನ್ ಕೊಟ್ಟವರ ಮುಂದಿಡಿ. "ನಿಮ್ಮ ನಲ್ಲಿ ಇಷ್ಟು ಒತ್ತಡದಲ್ಲಿ ಪೂರ್ತಿ ಮುಚ್ಚುತ್ತಾ?" ಅಂತ ಕೇಳಿ. ಹೌದು ಅಂದರೆ ಒಂದೇ ನಲ್ಲಿ ತಂದು ಹಾಕಿಸಿ, ಒಂದು ವಾರ ನೋಡಿ, ಎರಡನೆಯ ಬೇಸಿನ್‌ನಲ್ಲಿ ಅಲ್ಲಿಯವರೆಗೆ ಹಳೆ ನಲ್ಲಿಯೇ ಇರಲಿ. ಡಯಾಫ್ರಮ್ ಬಿಡಿಯಾಗಿ ದಾವಣಗೆರೆಯಲ್ಲೇ ಸಿಗುತ್ತಾ ಅಂತಲೂ ಕೇಳಿ. ಬೆಂಗಳೂರಿನಿಂದ ತರಿಸಬೇಕು ಅಂದರೆ, ನಲ್ಲಿಯ ಜೊತೆಗೇ ಎರಡು ತರಿಸಿ ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳಿ.